ಅಲೆ ಬೆಲೆಯದೋ, ಸೂತ್ರದ್ದೋ?

ಭತ್ತದ ಧಾರಣೆ ಯಾವಾಗ ಬೀಳುತ್ತದೆಂದು ತಿಳಿಯಲು ಕಂಪ್ಲಿಯ ವ್ಯಾಪಾರಿಗೆ ನಕ್ಷೆ ಬೇಕಾಗುವುದಿಲ್ಲ. ಮುಂಗಾರು ಬೆಳೆ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬಂದು, ಹಸಿ ಭತ್ತ ರಸ್ತೆ ಬದಿಯಲ್ಲಿ ಹರಡಿಕೊಂಡಾಗ ರೇಟು ಇಳಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ನಿಧಾನವಾಗಿ ಏರುತ್ತದೆ. ಬೇಸಿಗೆ ಬೆಳೆ ಕೈಗೆ ಬರುವ ಏಪ್ರಿಲ್–ಮೇ ತಿಂಗಳಲ್ಲಿ ಇನ್ನೊಂದು ಸಣ್ಣ ಇಳಿತ. ಆಮೇಲೆ ಮಿಲ್ಲುಗಳ ದಾಸ್ತಾನು ಕರಗುತ್ತಾ ಬಂದಂತೆ ಗಣೇಶನ ಹಬ್ಬದ ಆಸುಪಾಸಿಗೆ ವರ್ಷದ ದೊಡ್ಡ ಏರು. ತುಂಗಭದ್ರಾ ಕಾಲುವೆಗೆ ನೀರು ಬಿಡುವ ದಿನ ಈ ಚಕ್ರವನ್ನು ತಿರುಗಿಸುತ್ತದೆ. ಅದರ ಅವಧಿ 12 ತಿಂಗಳು, ಅದರೊಳಗೆ ಒಂದು ಮರಿ ಅಲೆ. ಇಷ್ಟು ಎಲ್ಲರಿಗೂ ಗೊತ್ತು.

ಹೊಸಪೇಟೆಯಲ್ಲಿ ಮೊಬೈಲ್ ಹಿಡಿದು ಷೇರು ನೋಡುವವರು ಹುಡುಕುವುದೂ ಇಂಥದೇ ಚಕ್ರವನ್ನು. ಅವರ ಕಣ್ಣು ಸಹಜವಾಗಿಯೇ ಸಂಡೂರಿನ ಕಡೆಗಿರುತ್ತದೆ. ದೋಣಿಮಲೆಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ ಒಂದು, 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಕಂಪನಿ ಇನ್ನೊಂದು. ‘ಇದು ಇಪ್ಪತ್ತು ದಿನಕ್ಕೊಮ್ಮೆ ತಿರುಗುತ್ತೆ ನೋಡು’ ಎಂದು ಹೇಳುವವರು ಸಾಮಾನ್ಯವಾಗಿ ತೋರಿಸುವುದು ಬೆಲೆಯ ಗೆರೆಯ ಕೆಳಗೆ ಸೊನ್ನೆಯ ಸುತ್ತ ಏರಿಳಿಯುವ ಇನ್ನೊಂದು ಗೆರೆಯನ್ನು. ಅದರ ಹೆಸರು ಡಿಟ್ರೆಂಡೆಡ್ ಪ್ರೈಸ್ ಆಸಿಲೇಟರ್, ಚಿಕ್ಕದಾಗಿ ಡಿಪಿಒ. ಬೆಲೆಯಿಂದ ಟ್ರೆಂಡನ್ನು, ಅಂದರೆ ದೀರ್ಘಕಾಲದ ಏರಿಕೆ ಅಥವಾ ಇಳಿಕೆಯನ್ನು, ಕಳೆದುಬಿಟ್ಟು ಉಳಿದ ಏರಿಳಿತದ ಅವಧಿಯನ್ನು ಅಳೆಯುವುದು ಅದರ ಕೆಲಸ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಏನೆಂದರೆ, ಅಲೆಯೇ ಇಲ್ಲದ ಕಡೆಯೂ ಅದು ಅಲೆ ತೋರಿಸುತ್ತದೆ. ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಭತ್ತದ ಮೇಲೆ ಇದನ್ನು ಓಡಿಸಿ ನೋಡಿ, ಆಮೇಲೆ ಅದಿರಿನ ಕಡೆ ಹೋಗುವುದು ಒಳ್ಳೆಯದು.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ವರ್ಷದ ಧಾರಣೆಯನ್ನು ನಾನೇ ಕಟ್ಟಿಕೊಂಡಿದ್ದೇನೆ. ಇದು ಯಾವ ಎಪಿಎಂಸಿಯ ದಾಖಲೆಯೂ ಅಲ್ಲ, ಕಂಪ್ಲಿಯ ಕೊಯ್ಲಿನ ಕ್ರಮಕ್ಕೆ ಹೊಂದುವ ಕಲ್ಪಿತ ಅಂಕಿ. 75 ಕೆಜಿ ಚೀಲಕ್ಕೆ ಜನವರಿಯಲ್ಲಿ 1780 ರೂಪಾಯಿ, ಫೆಬ್ರವರಿ 1830, ಮಾರ್ಚ್ 1870, ಏಪ್ರಿಲ್ 1830, ಮೇ 1780, ಜೂನ್ 1830, ಜುಲೈ 1890, ಆಗಸ್ಟ್ 1940, ಸೆಪ್ಟೆಂಬರ್ 1980, ಅಕ್ಟೋಬರ್ 1950, ನವೆಂಬರ್ 1810, ಡಿಸೆಂಬರ್ 1770. ಇದರೊಳಗೆ ಎರಡು ಸಂಗತಿಗಳನ್ನು ಬೆರೆಸಿದ್ದೇನೆ. ತಿಂಗಳಿಗೆ 10 ರೂಪಾಯಿಯ ಸಮನಾದ ಏರಿಕೆ ಒಂದು. ವರ್ಷವರ್ಷವೂ ಹಾಗೇ ಮರುಕಳಿಸುವ ಸುಗ್ಗಿಯ ಏರಿಳಿತ ಇನ್ನೊಂದು. ಮುಂದಿನ ವರ್ಷಗಳಲ್ಲಿ ಪ್ರತಿ ತಿಂಗಳ ಬೆಲೆಯೂ ಹಿಂದಿನ ವರ್ಷದ ಅದೇ ತಿಂಗಳಿಗಿಂತ 120 ರೂಪಾಯಿ ಹೆಚ್ಚು.

ಟ್ರೆಂಡ್ ಕಣ್ಣಿಗೆ ಹೇಗೆ ಮಣ್ಣೆರಚುತ್ತದೆ ನೋಡಿ. ಮೊದಲ ವರ್ಷದ ದೊಡ್ಡ ಶಿಖರ ಸೆಪ್ಟೆಂಬರಿನ 1980. ಎರಡನೇ ವರ್ಷದ ಮಾರ್ಚ್‌ನಲ್ಲಿ ಬರುವುದು ಸಣ್ಣ ಶಿಖರ, ಆದರೆ ಬೆಲೆ 1990. ಬರೀ ಬೆಲೆಯ ಗೆರೆ ನೋಡಿದವನಿಗೆ ಸೆಪ್ಟೆಂಬರಿಗಿಂತ ಮಾರ್ಚೇ ಎತ್ತರ. ಶಿಖರದಿಂದ ಶಿಖರಕ್ಕೆ ಎಣಿಸಿ ಚಕ್ರ ಆರು ತಿಂಗಳದ್ದು ಎಂದು ಅವನು ಬರೆದುಕೊಂಡರೆ ತಪ್ಪು ಅವನದಲ್ಲ. ಮೆಟ್ಟಿಲು ಹತ್ತುತ್ತಿರುವ ಬೆಲೆಯಲ್ಲಿ ಹಿಂದಿನ ದೊಡ್ಡ ಏರು ಮುಂದಿನ ಸಣ್ಣ ಏರಿಗಿಂತ ಕೆಳಗೇ ಉಳಿಯಬಹುದು.

ಡಿಪಿಒ ಲೆಕ್ಕ ಹೀಗೆ. ಮೊದಲು ಒಂದು ಅವಧಿ ಆರಿಸಿಕೊಳ್ಳಬೇಕು, ಇಲ್ಲಿ 12 ತಿಂಗಳು. ಡಿಸೆಂಬರಿನಲ್ಲಿ ನಿಂತು ಹಿಂದಿನ 12 ತಿಂಗಳ ಸರಾಸರಿ ತೆಗೆದರೆ 1855 ರೂಪಾಯಿ. ಒಂದೊಂದು ತಿಂಗಳು ಮುಂದೆ ಸರಿಯುತ್ತಾ ಹೋಗುವ ಈ ಸರಾಸರಿಗೆ ಚಲಿಸುವ ಸರಾಸರಿ ಎಂದು ಹೆಸರು. ವರ್ಷದ ಏರೂ ಇಳಿತವೂ ಒಟ್ಟಿಗೆ ಅದರೊಳಗೆ ಬಿದ್ದು ಒಂದನ್ನೊಂದು ಕೊಂದುಕೊಳ್ಳುವುದರಿಂದ ಅದರಲ್ಲಿ ಉಳಿಯುವುದು ಟ್ರೆಂಡ್ ಮಾತ್ರ. ಈಗ ಬೆಲೆಯಿಂದ ಇದನ್ನು ಕಳೆಯಬೇಕು. ಯಾವ ತಿಂಗಳ ಬೆಲೆಯಿಂದ? ಡಿಸೆಂಬರಿನದರಿಂದ ಅಲ್ಲ. ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿ ಹೇಳುವುದು ವರ್ಷದ ನಡುಭಾಗದ ಮಟ್ಟವನ್ನು. ಡಿಸೆಂಬರಿನ ಬೆಲೆಗೆ ಅದನ್ನು ಹೋಲಿಸಿದರೆ ಆರು ತಿಂಗಳ ಹಿಂದಿನ ಅಳತೆಯಿಂದ ಇಂದಿನದನ್ನು ಅಳೆದಂತೆ. ಆದ್ದರಿಂದ ಸೂತ್ರ ಅವಧಿಯ ಅರ್ಧಕ್ಕೆ ಒಂದು ಸೇರಿಸಿ ಅಷ್ಟು ಹಿಂದಕ್ಕೆ ಹೋಗುತ್ತದೆ. 12ರ ಅರ್ಧ 6, ಒಂದು ಸೇರಿದರೆ 7. ಡಿಸೆಂಬರಿನಿಂದ ಏಳು ತಿಂಗಳು ಹಿಂದೆ ಮೇ. ಮೇ ತಿಂಗಳ 1780ರಿಂದ 1855 ಕಳೆದರೆ −75. ಈ ಅಂಕಿಯನ್ನು ಮೇ ತಿಂಗಳ ಜಾಗದಲ್ಲೇ ಗುರುತು ಹಾಕುತ್ತಾರೆ.

ಲ್ಯಾಪ್‌ಟಾಪಿನ ಶೀಟಿನಲ್ಲಿ ಮಾಡುವವರು B2ರಿಂದ B13ರವರೆಗೆ ಜನವರಿ–ಡಿಸೆಂಬರ್ ಬೆಲೆಗಳನ್ನೂ ಅವುಗಳ ಕೆಳಗೆ ಮುಂದಿನ ವರ್ಷಗಳ ಬೆಲೆಗಳನ್ನೂ ತುಂಬಿ, ಮೇ ತಿಂಗಳ ಪಕ್ಕದ C6ರಲ್ಲಿ ಹೀಗೆ ಬರೆದು ಕೆಳಕ್ಕೆ ಎಳೆದರೆ ಸಾಕು:

```
=B6-AVERAGE(B2:B13)
```

ಮುಂದುವರಿಸಿದರೆ ಜೂನ್‌ಗೆ −35 ಸಿಗುತ್ತದೆ. ಸೆಪ್ಟೆಂಬರಿನ ಲೆಕ್ಕಕ್ಕೆ ಮೇ ತಿಂಗಳಿಂದ ಮುಂದಿನ ಏಪ್ರಿಲ್‌ವರೆಗಿನ ಸರಾಸರಿ ಬೇಕು. ಅದು 1895, ಹಾಗಾಗಿ ಸೆಪ್ಟೆಂಬರಿಗೆ +85. ಡಿಸೆಂಬರಿಗೆ −155. ಎರಡನೇ ವರ್ಷದ ಮಾರ್ಚ್‌ಗೆ +35 ಮಾತ್ರ. ಬೆಲೆಯ ಗೆರೆಯಲ್ಲಿ ಸೆಪ್ಟೆಂಬರನ್ನು ಮೀರಿ ನಿಂತಿದ್ದ ಮಾರ್ಚ್ ಈಗ ತನ್ನ ಗಾತ್ರಕ್ಕೆ ಇಳಿಯಿತು. ಎರಡನೇ ವರ್ಷದ ಸೆಪ್ಟೆಂಬರಿಗೆ ಮತ್ತೆ +85. ಶಿಖರದಿಂದ ಶಿಖರಕ್ಕೆ 12 ತಿಂಗಳು, ಡಿಸೆಂಬರಿನ ತಳದಿಂದ ತಳಕ್ಕೂ 12 ತಿಂಗಳು. ಡಿಪಿಒ ಓದುವುದೆಂದರೆ ಇಷ್ಟೇ: ದೊಡ್ಡ ಶಿಖರಗಳ ನಡುವಣ ದೂರವನ್ನೂ ದೊಡ್ಡ ತಳಗಳ ನಡುವಣ ದೂರವನ್ನೂ ಎಣಿಸಿ, ಸರಾಸರಿ ಹಿಡಿಯುವುದು. ಗೆರೆ ಸೊನ್ನೆಯ ಮೇಲಿದ್ದರೆ ಕೊಳ್ಳು, ಕೆಳಗಿದ್ದರೆ ಮಾರು ಎಂಬಂಥ ಅರ್ಥ ಅದಕ್ಕಿಲ್ಲ.

ಗಮನವಿಟ್ಟು ನೋಡಿದವರಿಗೆ ಒಂದು ಸಂಶಯ ಬರಬಹುದು. ಸುಗ್ಗಿಯ ಏರಿಳಿತವಾಗಿ ಸೆಪ್ಟೆಂಬರಿಗೆ ನಾನು ಬೆರೆಸಿದ್ದು 100 ರೂಪಾಯಿ, ಸೂತ್ರ ಕೊಟ್ಟದ್ದು 85. ಆ 15 ರೂಪಾಯಿ ಎಲ್ಲಿ ಹೋಯಿತು? 12 ತಿಂಗಳ ಸರಾಸರಿಯ ನಿಜವಾದ ನಡು ಐದೂವರೆ ತಿಂಗಳು ಹಿಂದಿದೆ, ಸೂತ್ರ ಹೋಗುವುದು ಏಳು ತಿಂಗಳು ಹಿಂದಕ್ಕೆ. ಒಂದೂವರೆ ತಿಂಗಳ ಈ ವ್ಯತ್ಯಾಸಕ್ಕೆ ತಿಂಗಳಿಗೆ 10 ರೂಪಾಯಿಯ ಟ್ರೆಂಡ್ ಸೇರಿ 15 ರೂಪಾಯಿ. ಏರುವ ಮಾರುಕಟ್ಟೆಯಲ್ಲಿ ಡಿಪಿಒ ಸೊನ್ನೆಗಿಂತ ಒಂದಿಷ್ಟು ಕೆಳಗೆ ಕೂತಿರುವುದಕ್ಕೆ ಕಾರಣ ಇದು. ಎಲ್ಲ ತಿಂಗಳಿಗೂ ಅಷ್ಟೇ ಕಡಿತ ಬೀಳುವುದರಿಂದ ಶಿಖರದ ದಿನಾಂಕ ಕದಲುವುದಿಲ್ಲ. ಎತ್ತರವನ್ನು ನಂಬಬಾರದು, ದೂರವನ್ನು ನಂಬಬಹುದು.

ಇಷ್ಟರಲ್ಲಿ ಒಂದು ವಿಷಯವನ್ನು ನಾನು ಸದ್ದಿಲ್ಲದೆ ದಾಟಿಸಿದ್ದೇನೆ. ಚಕ್ರದ ಅವಧಿ ಕಂಡುಹಿಡಿಯಲು ಹೊರಟವನು ಮೊದಲೇ 12 ಎಂಬ ಅಂಕಿಯನ್ನು ಸೂತ್ರಕ್ಕೆ ಕೊಟ್ಟ. ಭತ್ತದ ವಿಷಯದಲ್ಲಿ ಅದು ಗೊತ್ತಿತ್ತು. ಗೊತ್ತಿಲ್ಲದಾಗ?

ಡಿಪಿಒ ಒಂದು ಜರಡಿ. ಕೊಟ್ಟ ಅವಧಿಯಷ್ಟೇ ಉದ್ದದ ಅಲೆ ಅದರಿಂದ ಪೂರ್ತಿ ಹೊರಬರುತ್ತದೆ, ಅದಕ್ಕಿಂತ ಚಿಕ್ಕವೂ ಹೆಚ್ಚುಕಡಿಮೆ ಹಾಗೇ ಬರುತ್ತವೆ. ಉದ್ದದ ಅಲೆಗಳನ್ನು ಅದು ಟ್ರೆಂಡ್ ಎಂದು ತಿಳಿದು ತಡೆಯುತ್ತದೆ. 12 ತಿಂಗಳ ಡಿಪಿಒದಲ್ಲಿ ಎರಡು ವರ್ಷದ ಚಕ್ರದ ಎತ್ತರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಳಿದರೆ, ನಾಲ್ಕು ವರ್ಷದ ಚಕ್ರದ್ದು ಸುಮಾರು ಐದರಲ್ಲಿ ಒಂದು ಪಾಲಷ್ಟೇ. ಎರಡು ಬರ, ಎರಡು ಹೊಳೆ ತುಂಬಿದ ವರ್ಷ ಎಂಬಂಥ ನಿಧಾನದ ಲಯವೇನಾದರೂ ಭತ್ತದ ಧಾರಣೆಯಲ್ಲಿದ್ದರೆ 12 ತಿಂಗಳ ಜರಡಿಯಲ್ಲಿ ಅದು ಸರಿಯಾಗಿ ಸಿಗುವುದಿಲ್ಲ.

ಹಾಗಾಗಿ ಒಂದೇ ಅವಧಿಯಲ್ಲಿ ನಿಲ್ಲದೆ ಬದಲಿಸಿ ನೋಡಬೇಕು. ಅದೇ ಭತ್ತದ ಅಂಕಿಗಳಿಗೆ 10 ತಿಂಗಳ ಅವಧಿ ಕೊಟ್ಟರೆ ಸೆಪ್ಟೆಂಬರಿಗೆ +79, 16 ತಿಂಗಳು ಕೊಟ್ಟರೆ ಸುಮಾರು +87. ಎತ್ತರ ಅಷ್ಟಿಷ್ಟು ಬದಲಾದರೂ ಶಿಖರ ಸೆಪ್ಟೆಂಬರಿನಿಂದ ಅಲ್ಲಾಡಲಿಲ್ಲ. ಶಿಖರಗಳ ನಡುವಣ ದೂರ ಹನ್ನೆರಡೇ ತಿಂಗಳು. ಅಂದರೆ ಈ 12 ಬೆಲೆಯೊಳಗಿಂದ ಬಂದದ್ದು, ನಾವು ಕೊಟ್ಟದ್ದಲ್ಲ. ಈ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ, ಸಂಡೂರಿನಲ್ಲಿ ಬೇಕಾಗುತ್ತದೆ.

ನಿಜವಾದ ಧಾರಣೆ ನನ್ನ ಕಲ್ಪಿತ ಅಂಕಿಗಳಷ್ಟು ಸಾಧುವಲ್ಲ. ಹಂಪಿ, ಕಮಲಾಪುರ, ಕಂಪ್ಲಿಯ ಕಡೆ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಬೆಳೆಯುವ ಬಾಳೆಯನ್ನೇ ತೆಗೆದುಕೊಳ್ಳಿ. ಹಬ್ಬದ ಮುಂಚಿನ ದಿನಗಳಲ್ಲಿ ಅದಕ್ಕೆ ಬೇಡಿಕೆ ಏರುತ್ತದೆ. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಆದರೆ 365 ದಿನಕ್ಕಲ್ಲ. ಗಣೇಶ ಚತುರ್ಥಿ 2022ರಲ್ಲಿ ಆಗಸ್ಟ್ 31ಕ್ಕೆ ಬಂತು. 2023ರಲ್ಲಿ ಶ್ರಾವಣ ಅಧಿಕಮಾಸವಾದ್ದರಿಂದ ಸೆಪ್ಟೆಂಬರ್ 18ಕ್ಕೆ ಹೋಯಿತು. 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ನಡುವಣ ದೂರ 383, 355, 354 ದಿನ. ದಿನದ ಬೆಲೆ ಇಟ್ಟು ಡಿಪಿಒ ಎಳೆದು ಶಿಖರ ಎಣಿಸಿದವನಿಗೆ ಇಷ್ಟು ಏರುಪೇರು ಕಂಡರೆ ಚಕ್ರ ಕೆಟ್ಟಿದೆ ಎನಿಸೀತು. ಕೆಟ್ಟಿಲ್ಲ, ಅದು ಪಂಚಾಂಗ ನೋಡಿ ನಡೆಯುತ್ತಿದೆ. ಮೂರರ ಸರಾಸರಿ 364 ದಿನ. ಎರಡು ಶಿಖರ ನೋಡಿ ಅವಧಿ ಹೇಳುವವರನ್ನು ನಾನು ನಂಬದಿರುವುದು ಇದಕ್ಕೇ. ಅವರು ನೋಡಿದ್ದು 2022 ಮತ್ತು 2023 ಮಾತ್ರ ಆಗಿದ್ದರೆ, ಮುಂದಿನ ಏರನ್ನು ಸುಮಾರು ಒಂದು ತಿಂಗಳು ತಡವಾಗಿ ಕಾಯುತ್ತಿದ್ದರು, ಬಾಳೆಗೊನೆ ಅಷ್ಟು ದಿನ ಕಾಯುವುದಿಲ್ಲ.

ಅಂಕಿಗಳನ್ನು ಕಲೆಹಾಕುವುದರಲ್ಲೂ ಒಂದು ಮುಳ್ಳಿದೆ. ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ ಮಾರುಕಟ್ಟೆವಾರು ದಿನದ ಧಾರಣೆ ಸಿಗುತ್ತದೆ. ಆದರೆ ಆವಕ ಇಲ್ಲದ ದಿನ ದರವೂ ಇರುವುದಿಲ್ಲ. ಸುಗ್ಗಿಯಲ್ಲಿ ದಿನವೂ ಅಂಕಿ, ಮಳೆಗಾಲದಲ್ಲಿ ವಾರಕ್ಕೊಂದು ಎನ್ನುವಂಥ ಪಟ್ಟಿಗೆ ನೇರವಾಗಿ ಸೂತ್ರ ಹಾಕಿದರೆ, 20 ಸಾಲು ಎಂದರೆ ಒಮ್ಮೆ ಮೂರು ವಾರ, ಇನ್ನೊಮ್ಮೆ ನಾಲ್ಕೂವರೆ ತಿಂಗಳು ಆಗುತ್ತದೆ. ಮೊದಲು ತಿಂಗಳವಾರು ಸರಾಸರಿ ಮಾಡಿಕೊಳ್ಳಬೇಕು. ಸೋನಾ ಮಸೂರಿಯ ಸಾಲಿನೊಳಗೆ ದಪ್ಪ ಭತ್ತದ ದರ ನುಸುಳಿದೆಯೇ ಎಂದೂ ನೋಡಿಕೊಳ್ಳಬೇಕು.

ಇನ್ನು ಅದಿರಿನ ಕಡೆ ಹೋಗುವ ಮುನ್ನ ಒಂದು ನಾಣ್ಯ ಚಿಮ್ಮೋಣ. ನೂರು ರೂಪಾಯಿಯ ಒಂದು ಕಲ್ಪಿತ ಷೇರು. ದಿನಕ್ಕೊಮ್ಮೆ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಒಂದು ರೂಪಾಯಿ ಕೂಡಿ, ಬಾಲ ಬಿದ್ದರೆ ಒಂದು ರೂಪಾಯಿ ಕಳೆಯಿರಿ. ಹೀಗೆ ಕೆಲವು ನೂರು ದಿನ. ಇದರಲ್ಲಿ ಯಾವ ಚಕ್ರವೂ ಇರಲು ಸಾಧ್ಯವಿಲ್ಲ, ನಾಣ್ಯಕ್ಕೆ ನೆನಪಿಲ್ಲ. ಇದರ ಮೇಲೆ 20 ದಿನದ ಡಿಪಿಒ ಎಳೆದರೆ ಚೆಂದದ ಅಲೆಗಳು ಏಳುತ್ತವೆ. ಸಣ್ಣಪುಟ್ಟ ನಡುಕಗಳನ್ನು ಬಿಟ್ಟು ಅದರ ಬಲವಾದ ಅಲೆಯ ಉದ್ದ ನೋಡಿದರೆ ಸುಮಾರು 20 ದಿನ. ಅವಧಿಯನ್ನು 40 ಮಾಡಿ, ಅಲೆ 40 ದಿನದ್ದಾಗುತ್ತದೆ. ಕಾರಣ ಸರಳ. ಹೀಗೆ ಗೊತ್ತುಗುರಿಯಿಲ್ಲದೆ ಅಲೆದಾಡುವ ಬೆಲೆಯಲ್ಲಿ ಎಲ್ಲ ಉದ್ದದ ಏರಿಳಿತಗಳೂ ಬೆರೆತಿರುತ್ತವೆ, ಉದ್ದ ಹೆಚ್ಚಿದಷ್ಟೂ ಅದರ ಎತ್ತರವೂ ಹೆಚ್ಚು. ಡಿಪಿಒ ಕೊಟ್ಟ ಅವಧಿಗಿಂತ ಉದ್ದದವನ್ನು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಉಳಿದವುಗಳಲ್ಲಿ ಅತಿ ಎತ್ತರದ್ದು ಕತ್ತರಿ ಬಿದ್ದ ಅಂಚಿನಲ್ಲೇ ಇರುತ್ತದೆ. ಗಣಿತದಿಂದ ಲೆಕ್ಕ ಹಾಕಿದರೂ ಆ ಅತ್ಯುಚ್ಚ ಬಿಂದು ನಾವು ಕೊಟ್ಟ ಅವಧಿಯ ಹತ್ತಿರವೇ ಬೀಳುತ್ತದೆ. ಇಪ್ಪತ್ತನ್ನು ಕೇಳಿದವನಿಗೆ ಸೂತ್ರ ಇಪ್ಪತ್ತನ್ನೇ ಕೊಟ್ಟಿತು.

ಇದು ಹಳೆಯ ತಿಳಿವಳಿಕೆ. 1927ರಲ್ಲಿ ಮಾಸ್ಕೋದಲ್ಲಿ ಯೆವ್ಗೆನಿ ಸ್ಲುಟ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಸರ್ಕಾರಿ ಲಾಟರಿಯಲ್ಲಿ ಬಂದ ಅಂಕಿಗಳನ್ನು ಸಾಲಾಗಿಟ್ಟು, ಅವಕ್ಕೆ ಚಲಿಸುವ ಮೊತ್ತ ಹಾಕಿದ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ವ್ಯಾಪಾರದ ಏರಿಳಿತದ ನಕ್ಷೆಯ ಪಕ್ಕದಲ್ಲಿ ಅದನ್ನಿಟ್ಟರೆ ಎರಡೂ ಆಶ್ಚರ್ಯ ಹುಟ್ಟಿಸುವಷ್ಟು ಹೋಲುತ್ತಿದ್ದವು. 1937ರಲ್ಲಿ ‘ಎಕನಾಮೆಟ್ರಿಕಾ’ ಪತ್ರಿಕೆಯಲ್ಲಿ ಅದು ಇಂಗ್ಲಿಷಿಗೆ ಬಂತು. ಆಮೇಲೆ ಹುಟ್ಟಿದ ಚಾರ್ಟಿನ ಪಾಠಗಳಲ್ಲಿ ಅದರ ಸುಳಿವು ಅಷ್ಟಾಗಿ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಸಂಡೂರಿನಲ್ಲಿ ಸಮಸ್ಯೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಬೆಲೆ ಅಲೆದಾಡುವುದಷ್ಟೇ ಅಲ್ಲ, ಎಗರಿ ಬೀಳುತ್ತದೆ. ಎನ್‌ಎಂಡಿಸಿ 2024ರ ಡಿಸೆಂಬರಿನಲ್ಲಿ ಒಂದು ಷೇರಿಗೆ ಎರಡು ಬೋನಸ್ ಷೇರು ಕೊಟ್ಟಿತು. ಒಂದಿದ್ದದ್ದು ಮೂರಾಯಿತು, ಬೆಲೆ ಮೂರನೇ ಒಂದು ಪಾಲಿಗೆ ಇಳಿಯಿತು. ಇನ್ನೂರರ ಮೇಲಿದ್ದದ್ದು ಎಪ್ಪತ್ತರ ಆಸುಪಾಸಿಗೆ ಬಂತು. ಹೂಡಿಕೆದಾರನಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಹಳೆಯ ಬೆಲೆಗಳನ್ನು ಬೋನಸ್‌ಗೆ ಸರಿಹೊಂದಿಸದೆ ಇಟ್ಟ ಪಟ್ಟಿಗೆ ಡಿಪಿಒ ಹಾಕಿದರೆ ಏನಾಗುತ್ತದೆ?

ಲೆಕ್ಕಕ್ಕೆ ಬೆಲೆ ಅಲ್ಲಾಡದೆ 210ರಲ್ಲಿತ್ತು, ಒಂದು ದಿನ 70ಕ್ಕೆ ಇಳಿದು ಅಲ್ಲೇ ನಿಂತಿತು ಎಂದಿಟ್ಟುಕೊಳ್ಳಿ. ಅವಧಿ 20 ದಿನ, ಹಾಗಾಗಿ ಹಿಂದಕ್ಕೆ ಹೋಗುವುದು 11 ದಿನ. ಇಳಿದ ದಿನ ತೆಗೆದ ಸರಾಸರಿಯಲ್ಲಿ 70ರ ಒಂದು ದಿನ ಸೇರುವುದರಿಂದ ಅದು 203 ಆಗುತ್ತದೆ. 11 ದಿನ ಹಿಂದಿನ 210ರಿಂದ ಕಳೆದರೆ +7. ಅಂದರೆ ಗೆರೆ ಘಟನೆಗೆ 11 ದಿನ ಮೊದಲೇ ಮೇಲೇಳತೊಡಗುತ್ತದೆ. ದಿನದಿನಕ್ಕೆ ಏರುತ್ತಾ, ಇಳಿಯುವ ಹಿಂದಿನ ದಿನಕ್ಕೆ +77 ಮುಟ್ಟುತ್ತದೆ. ಇಳಿದ ದಿನಕ್ಕೆ ಒಮ್ಮೆಗೇ −56. ಅಲ್ಲಿಂದ ಮೆಲ್ಲಗೆ ಸೊನ್ನೆಗೆ ಮರಳುತ್ತದೆ. ಒಂದು ಶಿಖರ, ಒಂದು ತಳ, ಒಟ್ಟು ಉದ್ದ ಹೆಚ್ಚುಕಡಿಮೆ 20 ದಿನ. ಒಂದೇ ಒಂದು ಎಗರು ಪೂರ್ತಿ ಒಂದು ಅಲೆಯಾಗಿ ಹೊರಬಂತು, ಅದರ ಉದ್ದವೂ ನಾವು ಕೊಟ್ಟಿದ್ದೇ.

ಈ ನಕ್ಷೆಯನ್ನು ಆಮೇಲೆ ನೋಡುವವನಿಗೆ ‘ಕುಸಿತಕ್ಕೆ ಹತ್ತು ದಿನ ಮೊದಲೇ ಡಿಪಿಒ ಸುಳಿವು ಕೊಟ್ಟಿತ್ತು’ ಎನಿಸುವುದು ಇನ್ನೂ ಅಪಾಯ. ಆ +7 ಎಂಬ ಅಂಕಿ ಹನ್ನೊಂದು ದಿನ ಮೊದಲು ಇರಲೇ ಇಲ್ಲ. ಇಳಿದ ದಿನ ಲೆಕ್ಕ ಹಾಕಿ, ಹಿಂದಿನ ದಿನಾಂಕದ ಜಾಗದಲ್ಲಿ ಬರೆದದ್ದು ಅದು. ಹಳೆಯ ದಿನಗಳ ಮೇಲೆ ತಂತ್ರ ಪರೀಕ್ಷಿಸುವವರು ಈ ಗೆರೆಯನ್ನು ಆಯಾ ದಿನಕ್ಕೇ ತಿಳಿದಿತ್ತೆಂದು ಹಿಡಿದರೆ, ನಾಳೆಯ ಪತ್ರಿಕೆ ಓದಿ ಇವತ್ತು ವ್ಯಾಪಾರ ಮಾಡಿದಂತೆ ಲಾಭ ತೋರಿಸುತ್ತದೆ.

ಬೋನಸ್ಸಿನ ಎಗರನ್ನು ಸರಿಪಡಿಸಬಹುದು, ಹಳೆಯ ಬೆಲೆಗಳನ್ನೆಲ್ಲ ಮೂರರಿಂದ ಭಾಗಿಸಿದರೆ ಮುಗಿಯಿತು. 2022ರ ಅಕ್ಟೋಬರಿನಲ್ಲಿ ಎನ್‌ಎಂಡಿಸಿ ಸ್ಟೀಲ್ ಬೇರೆಯಾದಾಗಿನ ಇಳಿಕೆಗೂ ಅಂಥ ದಾರಿಯಿದೆ. ಆದರೆ ಸಂಡೂರಿನ ಅದಿರಿನ ಇತಿಹಾಸದಲ್ಲಿರುವ ಎಗರುಗಳನ್ನು ಭಾಗಾಕಾರದಿಂದ ತೆಗೆಯಲು ಆಗುವುದಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಆಮೇಲೆ ಎನ್‌ಎಂಡಿಸಿಗೆ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು. ಗುಡ್ಡೆ ಹಾಕಿದ್ದ ಅದಿರು ಇ-ಹರಾಜಿಗೆ ಹೋಯಿತು. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ ಉಳಿದವುಗಳಿಗೆ ದಾರಿ ತೆರೆಯಿತು, ಜೊತೆಗೆ ಉತ್ಪಾದನೆಗೆ ಮಿತಿಯೂ ಇತ್ತು. ದೋಣಿಮಲೆಯ ಗಣಿ ಗುತ್ತಿಗೆಯ ತಕರಾರಿನಲ್ಲಿ 2018ರ ನವೆಂಬರಿನಲ್ಲಿ ನಿಂತು 2021ರ ಫೆಬ್ರವರಿಯಲ್ಲಿ ಶುರುವಾಯಿತು. 2022ರ ಮೇ 20ರಂದು ಇ-ಹರಾಜಿನ ಕಡ್ಡಾಯ ಸಡಿಲವಾಗಿ ನೇರ ಮಾರಾಟಕ್ಕೂ ರಫ್ತಿಗೂ ಅವಕಾಶವಾಯಿತು. ಈ ನಡುವೆ 2021ರಲ್ಲಿ ಜಾಗತಿಕ ಬೆಲೆ ಮೇ ತಿಂಗಳಲ್ಲಿ ಟನ್ನಿಗೆ 200 ಡಾಲರ್ ದಾಟಿ, ನವೆಂಬರಿಗೆ ನೂರರ ಕೆಳಗೆ ಜಾರಿತು.

ಅದಿರಿಗೆ ವರ್ಷದ ಲಯವೇ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಗಣಿಯ ರಸ್ತೆ ಕೆಸರಾಗಿ ಲಾರಿ ನಿಧಾನವಾಗುತ್ತದೆ. ಕಟ್ಟಡದ ಕೆಲಸ ತಗ್ಗಿ ಉಕ್ಕಿನ ಬೇಡಿಕೆಯೂ ಇಳಿಯುತ್ತದೆ. 12 ತಿಂಗಳ ಚಕ್ರ ಹುಡುಕಲು ಇವು ಸಾಕಷ್ಟು ಗಟ್ಟಿಯಾದ ಕಾರಣಗಳು. ಆದರೆ ಅದನ್ನು ಅಳೆಯಲು ನಾಲ್ಕೈದು ಸುತ್ತುಗಳಾದರೂ ಅಡೆತಡೆಯಿಲ್ಲದೆ ಬೇಕು. ಮೇಲಿನ ದಿನಾಂಕಗಳ ನಡುವೆ ಅಷ್ಟು ದೊಡ್ಡ ಬಿಡುವು ಸಿಗುವುದು 2013ರಿಂದ 2018ರವರೆಗೆ ಒಮ್ಮೆ ಮಾತ್ರ, ಅದೂ ಉತ್ಪಾದನೆಯ ಮಿತಿಯ ಕೆಳಗೆ. ಆಗಾಗ ಬಿದ್ದ ಒಂದೊಂದು ಆದೇಶವೂ ಡಿಪಿಒದಲ್ಲಿ ತನ್ನದೊಂದು ಅಲೆ ಎಬ್ಬಿಸಿರುತ್ತದೆ. ಆ ಅಲೆಯ ಉದ್ದ ಕೋರ್ಟಿನದಲ್ಲ, ಮಳೆಯದಲ್ಲ, ನಾವು ಸೂತ್ರಕ್ಕೆ ಕೊಟ್ಟ ಅವಧಿಯದು. ನನ್ನ ಮಟ್ಟಿಗೆ ಸಂಡೂರಿನ ಅದಿರು ಘಟನೆಗಳ ಸರಕು. ಅದರ ನಕ್ಷೆಯಲ್ಲಿ ಚಕ್ರ ಎಣಿಸುವ ಬದಲು ದಿನಾಂಕಗಳನ್ನು ಬರೆದುಕೊಂಡರೆ ಹೆಚ್ಚು ತಿಳಿಯುತ್ತದೆ. ಇಪ್ಪತ್ತು ದಿನಕ್ಕೊಮ್ಮೆ ತಿರುಗುತ್ತದೆ ಎನ್ನುವವರಿಗೆ ಅವಧಿಯನ್ನು ಮೂವತ್ತು ಮಾಡಿ ತೋರಿಸಿ ಎನ್ನಬೇಕು. ಆಗಲೂ ಶಿಖರಗಳು ಹಳೆಯ ದಿನಾಂಕಗಳಲ್ಲೇ ನಿಂತರೆ ಮಾತು ಮುಂದುವರಿಸಬಹುದು.

ಮೊಬೈಲಿನಲ್ಲಿ ನೋಡುವವರಿಗೆ ಇನ್ನೊಂದು ಗೊಂದಲವಿದೆ. ಸರಿಯಾಗಿ ಎಳೆದ ಡಿಪಿಒ ಇವತ್ತಿನವರೆಗೆ ಬರುವುದಿಲ್ಲ, 20 ದಿನದ್ದಾದರೆ 11 ದಿನ ಹಿಂದೆಯೇ ನಿಂತುಬಿಡುತ್ತದೆ. ಕೊನೆಯ ಜಾಗ ಖಾಲಿ. ಟ್ರೇಡಿಂಗ್‌ವ್ಯೂನಲ್ಲಿ ಇದಕ್ಕೆ `Centered` ಎಂಬ ಆಯ್ಕೆ ಇದೆ. ಅದು ಆಯ್ಕೆಯಾಗಿದ್ದಾಗ ಲೆಕ್ಕ ನಾವು ಮಾಡಿದ್ದೇ. ಇಲ್ಲದಿದ್ದಾಗ ಗೆರೆ ಇವತ್ತಿನವರೆಗೂ ಬರುತ್ತದೆ, ಆದರೆ ಸೂತ್ರವೇ ಬೇರೆ. 20 ದಿನಕ್ಕೆ ಎರಡನ್ನೂ ಬರೆದರೆ ಹೀಗೆ:

```
close[11] - ta.sma(close, 20)
close - ta.sma(close, 20)[11]
```

ಮೊದಲನೆಯದು ಹಳೆಯ ಬೆಲೆಯನ್ನು ಅದರ ಸುತ್ತಲಿನ ದಿನಗಳ ಸರಾಸರಿಯೊಂದಿಗೆ ಹೋಲಿಸುತ್ತದೆ. ಎರಡನೆಯದು ಇವತ್ತಿನ ಬೆಲೆಯನ್ನು 11 ದಿನ ಹಿಂದಿನ ಸರಾಸರಿಯೊಂದಿಗೆ ಹೋಲಿಸುತ್ತದೆ. ಆ ಸರಾಸರಿಯ ನಡು ಇವತ್ತಿಗಿಂತ ಇಪ್ಪತ್ತೂವರೆ ದಿನ ಹಿಂದಿದೆ. ದಿನಕ್ಕೆ ಒಂದು ರೂಪಾಯಿ ಏರುವ ಷೇರಿನಲ್ಲಿ, ಏರಿಳಿತವೇ ಇಲ್ಲದಿದ್ದರೂ ಈ ಗೆರೆ ಸದಾ 20 ರೂಪಾಯಿ 50 ಪೈಸೆ ಮೇಲೆಯೇ ಕೂತಿರುತ್ತದೆ. ಟ್ರೆಂಡ್ ಕಳೆಯಬೇಕಾದದ್ದು ಅದನ್ನೇ ಹೊತ್ತು ತಂದಂತಾಯಿತು. ಚಕ್ರ ಅಳೆಯುವವರಿಗೆ ಖಾಲಿ ಜಾಗವಿರುವ ಗೆರೆಯೇ ಬೇಕು.

ಆ ಖಾಲಿ ಜಾಗವನ್ನು ತುಂಬುವುದು ಊಹೆಯಿಂದ. ಭತ್ತದ ಲೆಕ್ಕದಲ್ಲಿ ಕೊನೆಯ ದೊಡ್ಡ ಶಿಖರ ಸೆಪ್ಟೆಂಬರಿನಲ್ಲಿದ್ದರೆ ಮುಂದಿನದು 12 ತಿಂಗಳ ಮೇಲೆ ಎನ್ನಬಹುದು, ಹಿಂದಿನ ದೂರಗಳು ಎಷ್ಟು ಏರುಪೇರಾಗಿದ್ದವೋ ಅಷ್ಟು ಹಿಂದುಮುಂದು ಬಿಟ್ಟುಕೊಂಡು. ಡಿಸೆಂಬರಿನ ತಳವನ್ನೂ ಹಾಗೇ ಹೇಳಬಹುದು. ಮೇ ತಿಂಗಳ ಸಣ್ಣ ತಳದ ವಿಷಯ ಮಾತ್ರ ಬೇರೆ. ಅದು ಬರುವುದು ಬೇಸಿಗೆ ಬೆಳೆಯಿದ್ದರೆ ಮಾತ್ರ, ಬೇಸಿಗೆ ಬೆಳೆಯಿರುವುದು ತುಂಗಭದ್ರಾ ಜಲಾಶಯದಲ್ಲಿ ನೀರು ಉಳಿದಿದ್ದರೆ ಮಾತ್ರ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಮುಂಗಾರಿನ ಭತ್ತ ಗದ್ದೆಯಲ್ಲಿತ್ತು. ಹರಿದುಹೋಗುತ್ತಿದ್ದ ನೀರಿನಲ್ಲಿ ಎರಡನೇ ಬೆಳೆಯ ಲೆಕ್ಕವೂ ಸೇರಿತ್ತು. ಸ್ಟಾಪ್‌ಲಾಗ್ ಇಳಿಸಿ ತಡೆದ ಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ತುಂಬದೆ ಹೋಗಿದ್ದರೆ ಮುಂದಿನ ಮೇ ತಿಂಗಳಿನಲ್ಲಿ ತಳದ ಬದಲು ಏರೇ ಮುಂದುವರಿಯುತ್ತಿತ್ತು, ಡಿಪಿಒಗೆ ಅದು ಡಿಸೆಂಬರಿನಲ್ಲಿ ತಿಳಿಯುತ್ತಿತ್ತು. ಕಂಪ್ಲಿಯ ವ್ಯಾಪಾರಿಗೆ ಅದಕ್ಕಿಂತ ಒಂದು ವರ್ಷ ಮೊದಲೇ, ನವೆಂಬರಿನ ಸುಮಾರಿಗೆ, ಎರಡನೇ ಬೆಳೆಗೆ ನೀರು ಬಿಡುವುದೋ ಬೇಡವೋ ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದ ಮರುದಿನದ ಪತ್ರಿಕೆಯಲ್ಲಿ ಗೊತ್ತಾಗುತ್ತಿತ್ತು.